ಹತ್ತಿಗಿಲ್ಲದ ಕಾವು

ಆ ಹುಡುಗನಿಗೆ ಕೋಪ ಮೂಗಿನ ತುದಿಯಲ್ಲೇ. ಅದಕ್ಕೇ ಮನೆಯಲ್ಲಿ ಅವನ ಹೆಸರು ಸಿಡುಕ. ಮೊಟ್ಟೆಯೊಡೆದು ಮರಿಗಳು ಬಂದ ಐದು ದಿನಗಳಿಂದ ಅವನ ಕೋಪವೆಲ್ಲ ಅತ್ತೆಯ ಹೇಂಟೆಯ ಮೇಲೆ. ಹಗಲೆಲ್ಲ ಅವನ ಕಾಲಿಗೇ ಅಂಟಿಕೊಂಡಿರುವ ಚುಕ್ಕಿಮರಿ, ಹೊತ್ತು ಇಳಿದು ಹೇಂಟೆ ‘ಕ್ಲಕ್, ಕ್ಲಕ್’ ಎಂದರೆ ಸಾಕು, ಅವನನ್ನು ಮರೆತು ಓಡುತ್ತಿತ್ತು. ಒಂಬತ್ತು ಮರಿಗಳೂ ರೆಕ್ಕೆಯಡಿ ಮಾಯ!

“ಯಾಕೆ ಬಚ್ಚಿಡ್ತಾಳೆ ಇವಳು? ನಾನೇನು ಕಳ್ಳನಾ?”

ಹಾಸಿಗೆ ಹೊಲಿಯುತ್ತಿದ್ದ ಅತ್ತೆ ದಾರವನ್ನು ಹಲ್ಲಿನಿಂದ ಕಡಿದಳು. “ಕಾವು ಕೊಡ್ತಾಳೆ ಕಣೋ. ಮರಿಗಳಿಗಿರೋದು ಬರೀ ತುಪ್ಪಳ. ಪುಕ್ಕ ತುಂಬೋಕೆ ಮೂರು ನಾಲ್ಕು ವಾರ ಬೇಕು. ಅಲ್ಲೀವರೆಗೂ ಮೈ ಬೆಚ್ಚಗಿಟ್ಕೊಳ್ಳೋದು ಅವಕ್ಕೆ ಗೊತ್ತಾಗಲ್ಲ.”

“ಕಾವಂತೆ ಕಾವು! ಕೋಣೆ ತುಂಬ ಹತ್ತಿ ಇದೆ. ಕಾವಿಗೇನು ಬರ?”

ಮರುದಿನ ಸಂಜೆ ಹೇಂಟೆ ಕರೆಯುವ ಮೊದಲೇ ಸಿಡುಕ ಚುಕ್ಕಿಮರಿಯನ್ನು ಬಾಚಿಕೊಂಡ. ಹಿಂಜಿದ ಹತ್ತಿ ತುಂಬಿದ ಪೆಟ್ಟಿಗೆಯಲ್ಲಿಟ್ಟು ಮೇಲೂ ಹತ್ತಿ ಹೊದಿಸಿದ. ಮರಿ ಪೀಂ ಪೀಂ ಎಂದು ಕಿರುಚಿತು. ಅಂಗಳದಲ್ಲಿ ಹೇಂಟೆ ಕೂಗಾಡಿತು. “ಕೂಗು, ಕೂಗು! ಇವತ್ತು ಇದು ನಂದು,” ಎಂದು ಸಿಡುಕ ಹಲ್ಲು ಕಡಿದ.

ಕತ್ತಲಾಗುವ ಹೊತ್ತಿಗೆ ಮರಿ ಸುಮ್ಮನಾಯಿತು.

“ನೋಡತ್ತೆ, ಹೇಗೆ ಮಲಗಿದೆ!”

ಅತ್ತೆ ಹತ್ತಿಯೊಳಗೆ ಬೆರಳಿಟ್ಟಳು. ಅವಳ ಮುಖ ಕೆಂಪಾಯಿತು. “ಮಲಗಿಲ್ಲವೋ ಮೊದ್ದು, ಸೆಟೆದುಕೊಳ್ತಿದೆ! ಕಾಲು ಮುಟ್ಟಿ ನೋಡು, ಮಂಜುಗಡ್ಡೆ! ಹತ್ತಿ ಅಂದ್ರೆ ಒಲೆನಾ? ಇರೋ ಬಿಸಿನ ಹಿಡಿದಿಡುತ್ತೆ, ಅಷ್ಟೇ. ಈ ಚಿಟಿಕೆ ಜೀವದಲ್ಲಿ ಹಿಡಿದಿಡೋಕೆ ಬಿಸಿ ಎಲ್ಲಿದೆ? ನಡಿ, ನೀನೇ ಒಯ್ದು ಇಡು. ಕುಕ್ಕಿಸಿಕೋ!”

ಸಿಡುಕ ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡ. ಓಡಿದ.

ಬುಟ್ಟಿಯಲ್ಲಿದ್ದ ಹೇಂಟೆ ಪುಕ್ಕ ಕೆದರಿ ಮಣಿಕಟ್ಟಿಗೆ ಕುಕ್ಕಿತು. ರಕ್ತ ಬಂತು. ಅವನು ಕೈ ಹಿಂದೆಗೆಯದೆ ಮರಿಯನ್ನು ಒಳಗೆ ತಳ್ಳಿದ. ರೆಕ್ಕೆಯ ಪುಕ್ಕ ದಾಟಿ ಹೊಟ್ಟೆಯಡಿ ಬೆರಳು ತಾಗಿದಾಗ ಬೆಚ್ಚಿದ. ಅಲ್ಲಿ ಪುಕ್ಕವೇ ಇಲ್ಲ! ಬರೀ ಚರ್ಮ, ಜ್ವರದ ಹಣೆಗಿಂತ ಬಿಸಿ.

“ಮೊಟ್ಟೆ ಮೇಲೆ ಕೂರೋ ಮುಂಚೆ ಅಲ್ಲಿನ ಪುಕ್ಕ ಉದುರಿಹೋಗುತ್ತೆ,” ಹಿಂದೆ ಬಂದು ನಿಂತ ಅತ್ತೆ ಇನ್ನೂ ಗುಡುಗುತ್ತಿದ್ದಳು. “ರಕ್ತ ಚರ್ಮದ ಹತ್ತಿರಕ್ಕೇ ಬರುತ್ತೆ. ಅದು ದೇವರು ಅವಳಿಗೆ ಕೊಟ್ಟ ಒಲೆ. ರೆಕ್ಕೆ ಮೇಲಿನ ಹೊದಿಕೆ.”

ಹೇಂಟೆ ಮತ್ತೆ ಕುಕ್ಕಿತು. ಸಿಡುಕ ಮರಿಯನ್ನು ಆ ಬರಿಮೈಗೆ ಒತ್ತಿ ಹಿಡಿದೇ ಇದ್ದ. ಅವನ ಕೋಪವೂ ಈಗ ತಿರುಗಿ ಅವನನ್ನೇ ಕುಕ್ಕುತ್ತಿತ್ತು. ‘ಏಳು, ಏಳೇ!’

ಎಷ್ಟೋ ಹೊತ್ತಿನ ಮೇಲೆ ಅಂಗೈಯಲ್ಲಿ ಪುಟ್ಟ ಉಗುರೊಂದು ಗೀರಿತು. ಆಮೇಲೆ ಇನ್ನೊಂದು. ಮರಿ ಅವನ ಬೆರಳನ್ನು ಒದ್ದು, ತಾಯಿಯ ಹೊಟ್ಟೆಯಡಿ ನುಸುಳಿ, ಸಣ್ಣಗೆ ‘ಪೀಂ’ ಎಂದಿತು.

“ಒದೀತೀಯಾ ನನ್ನ?” ಎಂದು ಸಿಡುಕ ಕಣ್ಣೊರೆಸಿಕೊಂಡು ಸಿಡುಕಿದ. “ಒದಿ. ಆದ್ರೆ ಅಲ್ಲೇ ಬಿದ್ದಿರು!”