ಹದಿನಾಲ್ಕನೆಯ ಪ್ಯಾರಾ

ನ್ಯಾಮತಿಯ ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮಹಡಿ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಗ್ಗೆ ವಕೀಲ ಸುಹೈಲ್ ಪಾಠ ಮಾಡುತ್ತಿದ್ದ. ಕಾನೂನು ಪದವಿ ಮುಗಿಸಿಯೂ ವಕೀಲರ ಅರ್ಹತಾ ಪರೀಕ್ಷೆ ದಾಟದ ಆರು ಜನ ಅಲ್ಲಿಗೆ ಬರುತ್ತಿದ್ದರು. ಎರಡು ಸಲ ನಪಾಸಾಗಿದ್ದ ಉಷಾರಾಣಿ ಅವರಲ್ಲೊಬ್ಬಳು.

ಆವತ್ತು ನಿರ್ಲಕ್ಷ್ಯದ ಮೇಲೆ ಐದು ಪ್ರಶ್ನೆ ಕೊಟ್ಟಿದ್ದ. ಉಷಾರಾಣಿಯ ನಾಲ್ಕು ತಪ್ಪಾಗಿದ್ದವು.

"ಮೂರನೇದು ಓದ್ರಿ ಮೇಡಂ," ಎಂದ ಸುಹೈಲ್.

ಓದಿದಳು. ಎತ್ತರದ ಕಟ್ಟಡದಲ್ಲಿ ಕೆಲಸ ಮಾಡುವವರಿಗೆ ಗುತ್ತಿಗೆದಾರ ಸುರಕ್ಷತಾ ಬೆಲ್ಟ್ ಕೊಡಲಿಲ್ಲ. ಒಬ್ಬ ಕೆಲಸಗಾರ ಬಿದ್ದು ಸತ್ತ. ಬೆಲ್ಟ್ ಕೊಟ್ಟಿದ್ದರೂ ಅವನು ಹಾಕಿಕೊಳ್ಳುತ್ತಿರಲಿಲ್ಲ ಎಂದು ಸಾಕ್ಷ್ಯದಿಂದ ಸಾಬೀತಾಯಿತು. ಗುತ್ತಿಗೆದಾರ ಹೊಣೆಗಾರನಲ್ಲ, ಏಕೆಂದರೆ? ಎ: ಅವನಿಗೆ ಕರ್ತವ್ಯವೇ ಇರಲಿಲ್ಲ. ಬಿ: ಕರ್ತವ್ಯ ಲೋಪವಾಗಿಲ್ಲ. ಸಿ: ಲೋಪದಿಂದಲೇ ಸಾವು ಆಯಿತೆಂದು ಸಾಬೀತಾಗಿಲ್ಲ. ಡಿ: ಹಾನಿ ತೀರಾ ದೂರದ್ದು.

"ನೀವು ಡಿ ಹಾಕೀರಿ. ಯಾಕೆ?"

"ಬೆಲ್ಟಿಗೂ ಸಾವಿಗೂ ಸಂಬಂಧ ದೂರ ಆತಲ್ಲ ಸರ್?"

"ಅಲ್ಲೇ ಎಲ್ಲರೂ ಎಡವೋದು. ಬೆಲ್ಟ್ ಇಲ್ಲದೆ ಮ್ಯಾಲೆ ಹತ್ತಿದೋನು ಬೀಳಬಹುದು ಅಂತ ಯಾರಿಗಾದ್ರೂ ಗೊತ್ತಾಗ್ತೈತೆ. ಅದು ದೂರದ ಹಾನಿ ಹೆಂಗಾಗ್ತೈತೆ? ಇಂಥಾ ಹಾನಿ ಆಗಬಹುದು ಅಂತ ಊಹಿಸಾಕೆ ಆಗದಿದ್ರೆ ಮಾತ್ರ ಡಿ. ಮೊದಲು ಕೇಳ್ಕೋಬೇಕಾದ್ದು ಬೇರೆ. ಆ ಲೋಪ ಆಗದೇ ಇದ್ದಿದ್ರೆ ಮನುಷ್ಯ ಬದುಕ್ತಿದ್ದನಾ? ಆಗಲೂ ಸಾಯ್ತಿದ್ದ ಅಂದ್ರೆ, ಲೋಪ ಸಾವಿಗೆ ಕಾರಣ ಅಲ್ಲ. ಸಿ."

"ತಪ್ಪು ಮಾಡ್ಯಾನಲ್ಲ ಸರ್, ಗುತ್ತಿಗೆದಾರ?"

"ಮಾಡ್ಯಾನೆ. ಕರ್ತವ್ಯ ಇತ್ತು, ಲೋಪಾನೂ ಆಗೈತೆ. ಎರಡೂ ಇದ್ರೂ ಮೂರನೇದು, ಲೋಪದಿಂದಲೇ ಹಾನಿ ಆತು ಅನ್ನೋದು, ಇಲ್ಲ ಅಂದ್ರೆ ದಾವೆ ನಿಲ್ಲಲ್ಲ."

ಉಷಾರಾಣಿಯ ಕಿವಿಗೆ ಮುಂದಿನ ಪಾಠ ಬೀಳಲಿಲ್ಲ. ಅವಳ ಕಣ್ಣ ಮುಂದೆ ತಾನೇ ಬರೆದ ಹನ್ನೊಂದು ಪುಟ ಬಂದು ನಿಂತಿದ್ದವು.

ಎರಡು ವರ್ಷದ ಹಿಂದೆ ಅವಳ ಅಪ್ಪ ಬೆನಕಪ್ಪನಿಗೆ ಮೆಕ್ಕೆಜೋಳದ ಸೊಪ್ಪೆ ಎತ್ತುವಾಗ ನಾಗರಹಾವು ಕಚ್ಚಿತ್ತು. ಖಾಸಗಿ ನರ್ಸಿಂಗ್ ಹೋಂಗೆ ಕರೆದೊಯ್ದರೆ ಪಾಳಿಯ ಡಾಕ್ಟರು ಇರಲಿಲ್ಲ. ನರ್ಸು ಫೋನು ಮಾಡಿದಳು. ಬರುತ್ತೇನೆ ಎಂದವರು ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಅಪ್ಪನ ಉಸಿರು ನಿಂತಿತು. ಅವ್ವ ದುರುಗಮ್ಮನ ಹೆಸರಲ್ಲಿ ಗ್ರಾಹಕರ ಆಯೋಗಕ್ಕೆ ದೂರು ಬರೆದವಳು ಉಷಾರಾಣಿಯೇ. ಅಲ್ಲಿ ವಕೀಲರೇ ಆಗಬೇಕೆಂದಿಲ್ಲವಲ್ಲ. ಡಾಕ್ಟರು ಬರಲೇಬೇಕಿತ್ತು, ಬರಲಿಲ್ಲ ಎಂದು ಹಾಜರಾತಿ ಪುಸ್ತಕ, ಫೋನಿನ ವಿವರ, ನರ್ಸಿನ ಹೇಳಿಕೆ ಎಲ್ಲವನ್ನೂ ಕಲೆಹಾಕಿ ಒಂಬತ್ತು ಪುಟ ಬರೆದಿದ್ದಳು. ಬಂದಿದ್ದರೆ ಅಪ್ಪ ಉಳಿಯುತ್ತಿದ್ದ ಎಂಬುದಕ್ಕೆ ಒಂದೇ ಸಾಲು. ಅದಕ್ಕೆ ಯಾವ ವೈದ್ಯರ ಅಭಿಪ್ರಾಯವನ್ನೂ ಲಗತ್ತಿಸಿರಲಿಲ್ಲ. ಸಾಬೀತು ಮಾಡಬೇಕಾದ ಮಾತು ಅದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಗುರುವಾರ ಆದೇಶದ ಪ್ರತಿ ಬಂದಿತ್ತು. ಕೊನೆಯ ಸಾಲಿನ 'ವಜಾ' ಎಂಬುದನ್ನು ನೋಡಿ ಮಡಚಿಟ್ಟಿದ್ದಳು. ಈಗ ಮನೆಗೆ ಬಂದವಳೇ ಬಿಚ್ಚಿ ಮೊದಲಿನಿಂದ ಓದಿದಳು. ಹನ್ನೆರಡನೆಯ ಪ್ಯಾರಾದಲ್ಲಿ ಡಾಕ್ಟರಿಗೆ ಕರ್ತವ್ಯವಿತ್ತು ಎಂದಿತ್ತು. ಹದಿಮೂರರಲ್ಲಿ ಅವರು ಬಾರದಿದ್ದದ್ದು ಲೋಪವೇ ಎಂದಿತ್ತು. ಹದಿನಾಲ್ಕನೆಯದರಲ್ಲಿ ಅವಳ ಕಣ್ಣು ನಿಂತಿತು. ಹಾವು ಕಚ್ಚಿದ ಮೇಲೆ ರೋಗಿಯನ್ನು ಎರಡೂವರೆ ಗಂಟೆ ನಾಟಿ ಔಷಧ ಕೊಡುವವರ ಬಳಿ ಇರಿಸಲಾಗಿತ್ತು. ನರ್ಸಿಂಗ್ ಹೋಂ ತಲುಪುವಾಗಲೇ ಉಸಿರಾಟ ಕುಸಿದಿತ್ತು. ಆ ಕ್ಷಣದಲ್ಲಿ ಚಿಕಿತ್ಸೆ ದೊರೆತಿದ್ದರೂ ಬದುಕುವ ಸಂಭವ ಕಡಿಮೆಯಿತ್ತೆಂದು ಎದುರುದಾರರ ತಜ್ಞರು ಹೇಳಿದ್ದಾರೆ. ಇದಕ್ಕೆ ವಿರುದ್ಧವಾದ ಪುರಾವೆಯನ್ನು ದೂರುದಾರರು ಒದಗಿಸಿಲ್ಲ.

ನಾಟಿ ಔಷಧದವರ ಹತ್ತಿರ ಕರೆದೊಯ್ದವಳು ಅವ್ವ. ಉಷಾರಾಣಿ ಆವತ್ತು ಹೊನ್ನಾಳಿಯಲ್ಲಿದ್ದಳು.

ದುರುಗಮ್ಮ ಬಟ್ಟೆ ಒಗೆದು ಬಂದು ಹೊಸ್ತಿಲ ಮೇಲೆ ಕುಳಿತಳು. "ಏನಂತೆ ಉಷಾ? ನಾಕು ದಿನ ಆತು, ಬಾಯೇ ಬಿಡವಲ್ಲಿ. ತಪ್ಪು ಅವನದಲ್ಲ ಅಂದ್ರಾ?"

ಬಾಯಿಗೆ ಬಂದದ್ದನ್ನು ಉಷಾರಾಣಿ ನುಂಗಿಕೊಂಡಳು. "ಬರಬೇಕಾದ ಕರ್ತವ್ಯಾನೇ ಡಾಕ್ಟರಿಗಿರಲಿಲ್ಲ ಅಂದಾರೆ ಅವ್ವ."

ಅವ್ವನ ಮುಖ ಕೆಂಪಾಯಿತು. "ಇರಲಿಲ್ವಾ? ಹಂಗಾದ್ರೆ ಬೋರ್ಡ್ ಯಾಕೆ ಹಾಕ್ಕೊಂಡಿದ್ದ? ಇಪ್ಪತ್ನಾಕು ಗಂಟೆ ಅಂತ ಯಾಕೆ ಬರಸಿದ್ದ? ಮ್ಯಾಲಿನವರಿಗೆ ಬರಿ. ಕರ್ತವ್ಯ ಇತ್ತು ಅಂತ ಬರಿ."

ಕರ್ತವ್ಯವಿತ್ತೆಂಬುದನ್ನು ಅವರು ಆಗಲೇ ಒಪ್ಪಿದ್ದರು. ಗೆದ್ದಿದ್ದ ಮಾತಿಗೇ ಮೇಲ್ಮನವಿ ಬರೆಯಬೇಕಾಗಿತ್ತು.

ಮಾರನೆಯ ದಿನ ಸುಹೈಲನಿಗೆ ಆದೇಶ ತೋರಿಸಿದಳು. ಅವನು ಎರಡು ಸಲ ಓದಿದ.

"ಮೇಲ್ಮನವಿಗೆ ನಲವತ್ತೈದು ದಿನ ಐತೆ. ಆದ್ರೆ ಆ ಹೊತ್ತಿಗೆ ಔಷಧ ಕೊಟ್ಟಿದ್ರೆ ಬದುಕ್ತಿದ್ರು ಅಂತ ಒಬ್ಬ ಡಾಕ್ಟರು ಬರಕೊಡಬೇಕು. ಮೊದಲೇ ಯಾಕೆ ತರಲಿಲ್ಲ ಅಂತ ಕೇಳ್ತಾರೆ, ಅದಕ್ಕೂ ಸರಿಯಾದ ಕಾರಣ ಹೇಳಬೇಕು."

"ನಂಗೆ ಗೊತ್ತಿರಲಿಲ್ಲ ಅನ್ನೋದು ಕಾರಣ ಆಗ್ತೈತಾ ಸರ್?"

ಸುಹೈಲ್ ಹಾಳೆಗಳನ್ನು ಜೋಡಿಸಿ ಕೊಟ್ಟ.

ಜಗಳೂರಿನಲ್ಲಿ ಕೆಂಚೇಶ್ ಎಂಬ ನಿವೃತ್ತ ಸರ್ಕಾರಿ ವೈದ್ಯರಿದ್ದರು. ಹಾವು ಕಡಿತಕ್ಕೆ ಚಿಕಿತ್ಸೆ ಕೊಟ್ಟು ಹೆಸರಾದವರು. ಎರಡು ಬಸ್ ಬದಲಾಯಿಸಿ ಅವರ ಮನೆಗೆ ಹೋದಳು. ಅವರು ನರ್ಸು ಬರೆದಿಟ್ಟಿದ್ದ ಚೀಟಿ ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ನೋಡಿದರು.

"ನಾಗರ ಕಚ್ಚಿದೋರನ್ನ ತಡವಾಗಿ ಬಂದ್ರೂ ಉಳಿಸೀನಮ್ಮ. ಉಸಿರಿನ ಯಂತ್ರ ಇದ್ರೆ ಉಳೀತಾರೆ. ಅದು ಆ ನರ್ಸಿಂಗ್ ಹೋಂನಾಗೆ ಇತ್ತಾ?"

"ಇರಲಿಲ್ಲ."

"ಕಚ್ಚಿದ ತಕ್ಷಣ ಬಂದಿದ್ರೆ ಖಂಡಿತ ಅಂತ ಬರಕೊಡ್ತಿದ್ದೆ. ಇಲ್ಲಿ ಬಂದಾಗಲೇ ಮೈ ನೀಲಿ, ಕತ್ತು ನಿಲ್ತಿಲ್ಲ ಅಂತ ಬರದಾರೆ. ಉಳೀಬಹುದಿತ್ತೇನೋ ಅಂತೀನಿ. ಉಳೀತಿದ್ರು ಅಂತ ಸಹಿ ಹಾಕಾಕೆ ನನ್ ಕೈ ಬರಲ್ಲ."

"ಇತ್ತೇನೋ ಅಂತಲೇ ಬರಕೊಡ್ರಿ ಸರ್."

"ಅದರಿಂದ ನಿಮಗೆ ಉಪಯೋಗ ಐತೇನಮ್ಮ?"

ಇರಲಿಲ್ಲ. ಎದ್ದು ಕೈ ಮುಗಿದು ಬಂದಳು.

ಅಷ್ಟರಲ್ಲಿ ದುರುಗಮ್ಮ ನೀರಿನ ಟ್ಯಾಂಕಿನ ಬಳಿ, ರೇಷನ್ ಅಂಗಡಿಯ ಸಾಲಿನಲ್ಲಿ, ಸಿಕ್ಕವರಿಗೆಲ್ಲ ಹೇಳಿದ್ದಳು: ಡಾಕ್ಟರಿಗೆ ಕರ್ತವ್ಯ ಇರಲಿಲ್ಲವಂತೆ, ನನ್ನ ಮಗಳು ಮೇಲೆ ಹಾಕುತ್ತಾಳೆ. ಕೇಳಿದವರು ಹೌದು ಹೌದು ಎಂದರು. ಪಕ್ಕದ ಮನೆಯ ಸಿದ್ದು ಉಷಾರಾಣಿಯ ಜತೆಗೇ ಭಾನುವಾರದ ಪಾಠಕ್ಕೆ ಬರುವವನು. ಅವನು ಮಾತ್ರ, "ಹಂಗೆ ಅಂದಿರಾಕಿಲ್ಲ ದೊಡ್ಡವ್ವ, ಕಾಗದ ತೋರ್ಸು," ಎಂದ. ದುರುಗಮ್ಮ ಟ್ರಂಕಿನಿಂದ ತೆಗೆದುಕೊಟ್ಟಳು. ಅವನು ಅಂಗಳದಲ್ಲೇ ನಿಂತು ಗಟ್ಟಿಯಾಗಿ ಓದುತ್ತಾ ಹೋದವನು ಹದಿನಾಲ್ಕಕ್ಕೆ ಬಂದಾಗ ದನಿ ತಗ್ಗಿಸಿದ. ಆದರೆ ಓದುವುದನ್ನು ನಿಲ್ಲಿಸಲು ಅವನಿಗೆ ತೋಚಲಿಲ್ಲ.

ಜಗಳೂರಿನಿಂದ ಉಷಾರಾಣಿ ಬಂದಾಗ ಅವ್ವ ಒಲೆ ಹಚ್ಚಿರಲಿಲ್ಲ. ಆದೇಶ ಮಡಿಲಲ್ಲಿತ್ತು.

"ಕರ್ತವ್ಯ ಇತ್ತು ಅಂತಲೇ ಬರದಾರಂತಲ್ಲೆ."

"ಹೂಂ ಅವ್ವ."

"ಆ ಎರಡೂವರೆ ಗಂಟೆ ನಾನು ಕೂಡ್ರಿಸ್ಕಂಡಿದ್ದು. ಸೊಪ್ಪು ಅರದು ಹಚ್ತೀನಿ, ವಿಷ ಇಳೀತೈತೆ ಅಂದ್ರು. ಅವರಪ್ಪನಿಗೆ ಇಳದಿತ್ತಂತೆ." ದುರುಗಮ್ಮ ಕಾಗದದ ಅಂಚನ್ನು ಸವರುತ್ತಿದ್ದಳು. "ನೇರ ಕರಕಂಡು ಹೋಗಿದ್ರೆ ಬದುಕ್ತಿದ್ನೇನೆ?"

ಕಚ್ಚಿದ ತಕ್ಷಣ ಬಂದಿದ್ದರೆ ಖಂಡಿತ ಎಂದ ವೈದ್ಯರ ಮಾತು ಉಷಾರಾಣಿಯ ಕಿವಿಯಲ್ಲಿ ಇನ್ನೂ ಇತ್ತು.

"ಡಾಕ್ಟರು ಇರಲಿಲ್ಲವಲ್ಲ ಅವ್ವ. ನೇರ ಹೋಗಿದ್ರೂ ಅವರು ಇರತಿರಲಿಲ್ಲ."

"ಸರ್ಕಾರಿ ಆಸ್ಪತ್ರೆ ಇತ್ತು. ಶಿವಮೊಗ್ಗ ಇತ್ತು. ಹೊತ್ತಿತ್ತು."

ಉಷಾರಾಣಿ ಅವ್ವನ ಪಕ್ಕದಲ್ಲಿ ಕುಳಿತು ಕಾಗದವನ್ನು ತೆಗೆದುಕೊಳ್ಳಲು ಕೈ ಚಾಚಿದಳು. ದುರುಗಮ್ಮ ಬಿಡಲಿಲ್ಲ.

"ಮೇಲೆ ಹಾಕಬ್ಯಾಡ," ಎಂದಳು. "ಅಲ್ಲಿನೂ ಇದನ್ನೇ ಓದ್ತಾರೆ."

ನಲವತ್ತೈದು ದಿನ ಕಳೆದವು. ಉಷಾರಾಣಿ ಮೇಲ್ಮನವಿ ಹಾಕಲಿಲ್ಲ. ಪರೀಕ್ಷೆಗೆ ಓದುತ್ತಲೇ ಇದ್ದಾಳೆ. ಸುಹೈಲ್ ಕೊಡುವ ನಿರ್ಲಕ್ಷ್ಯದ ಪ್ರಶ್ನೆ ಈಗ ಒಂದೂ ತಪ್ಪುವುದಿಲ್ಲ. ದುರುಗಮ್ಮ ಮಾತ್ರ ನೀರಿನ ಟ್ಯಾಂಕಿನ ಕಡೆ ಹೋಗುವುದನ್ನು ಬಿಟ್ಟಿದ್ದಾಳೆ. ಬೆಳಗ್ಗೆ ಎದ್ದು ಕೊಡಗಳನ್ನು ಬಾಗಿಲ ಹತ್ತಿರ ಇಡುತ್ತಾಳೆ. ಮಗಳು ಹೋಗಿ ತುಂಬಿಕೊಂಡು ಬರುತ್ತಾಳೆ.