ನಾಲ್ಕು ವಾಕ್ಯ

ಶಿವಾಜಿನಗರದ ಸಾಫ್ಟ್‌ವೇರ್ ತರಬೇತಿ ಕೇಂದ್ರದಲ್ಲಿ ಅಣಕು ಸಂದರ್ಶನ ನಡೆಸುತ್ತಿದ್ದವಳು ಲುಬ್ನಾ. ಮನೆಯಲ್ಲಿ ದಖ್ನಿ ಉರ್ದು, ತರಗತಿಯಲ್ಲಿ ಇಂಗ್ಲಿಷ್, ಬೈಯುವಾಗ ಕನ್ನಡ. ಅಲ್ಲಿ ಕಲಿಯಲು ಬಂದಿದ್ದ ಸಿಂಧನೂರಿನ ರೇವತಿಗೆ ಮೊದಲ ದಿನದಿಂದಲೂ ಅವಳನ್ನು ಕಂಡರಾಗುತ್ತಿರಲಿಲ್ಲ.

ಆ ದಿನ ಡೇಟಾಬೇಸ್ ಇಂಡೆಕ್ಸ್ ಎಂದರೇನೆಂದು ಲುಬ್ನಾ ಕೇಳಿದಳು. ರೇವತಿ ಬಾಯಿಪಾಠ ಮಾಡಿದ್ದ ವ್ಯಾಖ್ಯಾನವನ್ನು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಹಾಗಾದರೆ ಎಲ್ಲ ಕಾಲಂಗಳಿಗೂ ಯಾಕೆ ಇಂಡೆಕ್ಸ್ ಹಾಕಬಾರದು ಎಂಬುದು ಮುಂದಿನ ಪ್ರಶ್ನೆ. ಅದು ಪಾಠದಲ್ಲಿರಲಿಲ್ಲ. ಉತ್ತರ ತಲೆಯಲ್ಲಿ ಕನ್ನಡದಲ್ಲಿ ಸಿದ್ಧವಿತ್ತು. ಅದನ್ನು ಒಂದೇ ಉದ್ದನೆಯ ಇಂಗ್ಲಿಷ್ ವಾಕ್ಯಕ್ಕೆ ತುಂಬಹೋಗಿ, ಕ್ರಿಯಾಪದ ಸಿಗದೆ ನಡುವೆಯೇ ನಿಂತಳು. ಲುಬ್ನಾ ರೆಕಾರ್ಡ್ ಮಾಡಿಕೊಂಡಿದ್ದ ಆ ತೊದಲನ್ನು ಎಲ್ಲರಿಗೂ ಕೇಳಿಸಿದಳು. ತರಗತಿ ನಕ್ಕಿತು.

ರೇವತಿ ಎದ್ದು ನಿಂತಳು.

“ನನಗ ಗೊತ್ತಿಲ್ಲಂತ ತಿಳ್ಕೊಂಡೀರೇನು? ಇಂಡೆಕ್ಸ್ ಇದ್ರ ಹುಡುಕೋದು ಲಗೂ ಆಗ್ತದ. ಆದ್ರ ಹೊಸಾ ಸಾಲು ಸೇರಿಸಿದಾಗೆಲ್ಲಾ ಎಲ್ಲಾ ಇಂಡೆಕ್ಸೂ ತಿದ್ದಬೇಕು. ಬರಿಯೋದು ನಿಧಾನ ಆಗ್ತದ. ಜಾಗಾನೂ ಜಾಸ್ತಿ ಹಿಡೀತದ.”

ನಗು ನಿಂತಿತು. ಲುಬ್ನಾಳ ಮುಖ ಮಾತ್ರ ಸಡಿಲಾಗಲಿಲ್ಲ.

“ನಾಲ್ಕು ವಾಕ್ಯ ಹೇಳಿದ್ರಿ. ಇಂಗ್ಲಿಷಲ್ಲೂ ನಾಲ್ಕೇ ಹೇಳಿ. ಒಂದಕ್ಕೊಂದು ಅಂಟಿಸ್ಬೇಡಿ. ಯಾವುದು, ಏನು ಮಾಡುತ್ತೆ, ಅಷ್ಟೇ. ಸಿಟ್ಟು ಮನೇಲಿಟ್ಕೊಳ್ಳಿ.”

ಆ ಸಿಟ್ಟನ್ನು ರೇವತಿ ಎಲ್ಲೂ ಇಡಲಿಲ್ಲ. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ದಿನವೂ ಒಂದೊಂದು ವಿಷಯವನ್ನು ಮೊದಲು ಕನ್ನಡದಲ್ಲಿ ಹೇಳಿ, ತುಂಡು ಮಾಡಿ, ಆಮೇಲೆ ಪ್ರತಿ ತುಂಡನ್ನೂ ಇಂಗ್ಲಿಷಿನಲ್ಲಿ ಜೋರಾಗಿ ಹೇಳತೊಡಗಿದಳು. ಕೋಣೆಯ ಜೊತೆಗಾತಿ ಉಮಾಶ್ರೀಯನ್ನು ಎದುರು ಕೂರಿಸಿಕೊಂಡು, ಅವಳಿಗೆ ಅರ್ಥವಾಗುವವರೆಗೂ ಏಳಗೊಡುತ್ತಿರಲಿಲ್ಲ. ಅವಳಿಗೂ ಇವಳಿಗೂ ಎರಡು ಸಲ ಮಾತು ಬಿಟ್ಟುಹೋಯಿತು.

ಕೊನೆಗೆ ಇಂದಿರಾನಗರದ ಒಂದು ಕಂಪನಿಯಲ್ಲಿ ನಿಜವಾದ ಸಂದರ್ಶನ. ಎದುರಿಗಿದ್ದವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ಎಂದರೇನೆಂದು ಕೇಳಿದ. ರೇವತಿ ತಯಾರಿ ಮಾಡಿದ್ದ ವಿಷಯಗಳಲ್ಲಿ ಅದಿರಲಿಲ್ಲ. ರೈಲು ಟಿಕೆಟು ಕಾಯ್ದಿರಿಸುವ ಉದಾಹರಣೆ ಕನ್ನಡದಲ್ಲಿ ಹೊಳೆಯಿತು. ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: ಸೀಟು ಹಿಡಿಯುವುದು ಒಂದು ಹೆಜ್ಜೆ. ಟಿಕೆಟು ದಾಖಲಿಸುವುದು ಇನ್ನೊಂದು. ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಎರಡನೆಯದು ಕೆಟ್ಟರೆ ಮೊದಲನೆಯದನ್ನೂ ವಾಪಸು ತೆಗೆಯಬೇಕು.

ಸ್ವಲ್ಪ ಬೇಗ ಮಾತಾಡಲು ಬರುವುದಿಲ್ಲವೇ ಎಂದ ಅವನು. ಉತ್ತರ ಸರಿಯಿದೆಯೇ ಎಂದು ಅವಳು ಇಂಗ್ಲಿಷಿನಲ್ಲೇ ಕೇಳಿದಳು. ಅವನು ಆಗ ತಲೆ ಎತ್ತಿದ.

ಕೆಲಸ ಸಿಕ್ಕಿತು. ಸುದ್ದಿ ತಿಳಿದ ಲುಬ್ನಾ ಫೋನ್ ಮಾಡಿ, ಹೊಸ ಬ್ಯಾಚಿಗೆ ಬಂದು ಅನುಭವ ಹೇಳಬೇಕು ಎಂದಳು.

“ಕಲಿಸಿದ್ದು ನೀವೇ, ಅದನ್ನ ಇಲ್ಲ ಅನ್ನಂಗಿಲ್ಲ,” ಎಂದಳು ರೇವತಿ. “ನನ್ನ ನೋಡಿ ಮಂದಿ ನಗೋಹಂಗ ಮಾಡಿದ್ದೂ ನೀವೇ. ನಾ ಬರಂಗಿಲ್ಲ.”

ಲುಬ್ನಾ ಏನೋ ಹೇಳಲು ಶುರುಮಾಡಿದಳು. ರೇವತಿ ಫೋನ್ ಇಟ್ಟಳು.