ಸೊಪ್ಪು ಹಾಕದ ಅಜ್ಜಿಯ ಕಥೆ

೧೯೭೮ರಲ್ಲಿ ನನಗೆ ಒಂದೇ ಹುಚ್ಚು ಹಿಡಿದಿತ್ತು. ವಾರವಿಡೀ ವಿಮಾ ಕಚೇರಿಯಲ್ಲಿ ಕಡತ ತಿರುವಿಹಾಕಿ, ಭಾನುವಾರ ಬೆಳಿಗ್ಗೆ ಅಡ್ಯಾರಿನ ನಮ್ಮ ಕನ್ನಡ ಸಂಘದ ಮಹಡಿಯಲ್ಲಿ ಆರನೇ, ಏಳನೇ ತರಗತಿಯ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದೆ. ಅವರಿಗಾಗಿ ನುಡಿಗಟ್ಟುಗಳ ಪುಟ್ಟ ಪುಸ್ತಕವೊಂದನ್ನು ಬರೆಯುತ್ತಿದ್ದೆ. ಒಂದು ನುಡಿಗಟ್ಟಿಗೆ ಐದಾರು ಸಾಲಿನ ಒಂದು ಕಥೆ. ಅರ್ಥವನ್ನು ಎಲ್ಲೂ ಹೇಳುವುದಿಲ್ಲ, ಕಥೆಯಿಂದಲೇ ಮಕ್ಕಳಿಗೆ ಹೊಳೆಯಬೇಕು.

ಸಂಘದ ಕಾರ್ಯದರ್ಶಿ ಕಮಲಾಕರ ರಾಯರು ರೈಲ್ವೆಯಿಂದ ನಿವೃತ್ತರಾದವರು. ಅವರಿಗೆ ಎಲ್ಲವೂ ವೇಳಾಪಟ್ಟಿಯ ಹಾಗೆ ಎರಡು ಅಂಕಣಗಳಲ್ಲಿರಬೇಕು, ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ.

"ಬಾಯಿಪಾಠ ಮಾಡಿಸಿ ರಮಾಬಾಯಿ. ಕಥೆಗಿಥೆ ಯಾಕೆ?" ಎಂದು ಮಕ್ಕಳ ಎದುರೇ ಎಷ್ಟೋ ಸಲ ಹೇಳಿದರು. ನಾನು ಜಗ್ಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಐದು ಕಥೆ ಓದಬೇಕು. ಐದಕ್ಕೂ ಮಕ್ಕಳು ತಾವೇ ಅರ್ಥ ಹೇಳಿದರೆ ನನ್ನ ಪುಸ್ತಕ ಅಚ್ಚಿಗೆ, ಇಲ್ಲದಿದ್ದರೆ ಅವರ ಪಟ್ಟಿ.

ಪರೀಕ್ಷೆಗೆ ಒಂದು ವಾರವಿದ್ದಾಗ ಮಕ್ಕಳ ಮುಂದೆ ಓದಿ ನೋಡಿದೆ. ನಾಲ್ಕು ಗೆದ್ದವು, ಐದನೆಯದು ನೆಲಕಚ್ಚಿತು. ಅದು ಹೀಗಿತ್ತು: "ರಾಜ ಒಂದು ಮಾತು ಹೇಳಿದ. ಮಂತ್ರಿ ಅದಕ್ಕೆ ಸೊಪ್ಪು ಹಾಕಲಿಲ್ಲ. ರಾಜನಿಗೆ ಸಿಟ್ಟು ಬಂತು."

"ಮಂತ್ರಿಗೆ ಕೇಳಿಸಲಿಲ್ಲ" ಎಂದ ಒಬ್ಬ. "ಉತ್ತರ ಕೊಡಲಿಲ್ಲ" ಎಂದ ಇನ್ನೊಬ್ಬ. "ಅರ್ಥ ಆಗಲಿಲ್ಲ" ಎಂದಳು ಮತ್ತೊಬ್ಬಳು.

ನನಗೆ ಮಕ್ಕಳ ಮೇಲೆ ರೇಗಿತು. ಇಷ್ಟು ತಿಳಿಯದೇ ಇವಕ್ಕೆ! ಬಸ್ಸಿನಲ್ಲಿ ಮನೆಗೆ ಹೋಗುವಾಗ ಸಿಟ್ಟು ಇಳಿದು ನಾಚಿಕೆಯಾಯಿತು. ಆ ಮೂರೂ ಉತ್ತರ ನನ್ನ ಕಥೆಗೆ ಸರಿಯಾಗಿಯೇ ಹೊಂದುತ್ತಿದ್ದವು. ರಾಜ ಹೇಳಿದ್ದೇನೆಂದು ನಾನು ಬರೆದಿರಲಿಲ್ಲ, ಮಂತ್ರಿಗೆ ಕೇಳಿಸಿತೋ ಇಲ್ಲವೋ ಅದನ್ನೂ ಬರೆದಿರಲಿಲ್ಲ. ತಪ್ಪು ಅರ್ಥಗಳಿಗೆಲ್ಲ ಬಾಗಿಲು ತೆರೆದಿಟ್ಟು ಮಕ್ಕಳನ್ನು ಬೈದರೆ ಹೇಗೆ? ರಾಜನನ್ನೂ ಮಂತ್ರಿಯನ್ನೂ ಅಲ್ಲಿಯೇ ಕೈಬಿಟ್ಟೆ.

ಮುಂದಿನ ಭಾನುವಾರ ರಾಯರು ಕೈಕಟ್ಟಿಕೊಂಡು ಮುಂದಿನ ಕುರ್ಚಿಯಲ್ಲಿ ಕೂತರು. ನಾಲ್ಕು ಕಥೆ ಸಲೀಸಾಗಿ ದಾಟಿದವು. ಹೊಸದಾಗಿ ಬರೆದ ಐದನೆಯದನ್ನು ಓದಿದೆ.

"ಅಜ್ಜಿ ದೊಡ್ಡ ಹಲಸಿನ ಹಣ್ಣು ಹೊತ್ತು ಬಸ್ಸು ಹತ್ತಿದಳು. 'ಹಣ್ಣು ಇಳಿಸಮ್ಮ' ಎಂದ ಕಂಡಕ್ಟರ್. 'ಕೇಳಿಸಿತಪ್ಪ' ಎಂದಳು ಅಜ್ಜಿ. ಡ್ರೈವರ್ ಬಸ್ಸು ನಿಲ್ಲಿಸಿ ಗದರಿದ. 'ನೀನು ಹೇಳಿದ್ದೂ ತಿಳಿಯಿತು' ಎಂದಳು. ಬಸ್ಸಿನವರೆಲ್ಲ ಬೈದರು. ಅಜ್ಜಿ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು."

ಮಕ್ಕಳು ನಕ್ಕರು. ಕ್ರೋಂಪೇಟೆಯಿಂದ ಬರುತ್ತಿದ್ದ ನೀರಜಾ ಎದ್ದು ನಿಂತಳು. ಮನೆಯಲ್ಲಿ ಕನ್ನಡ ಕೇಳಿ ತಮಿಳಿನಲ್ಲೇ ಉತ್ತರ ಕೊಡುವ ಹುಡುಗಿ, ವರ್ಷವಿಡೀ ನನ್ನ ತರಗತಿಯಲ್ಲೂ ಹಾಗೆಯೇ.

"ಪಾಟಿ ಕಂಡುಕ್ಕವೇ ಇಲ್ಲ, ಮಿಸ್" ಎಂದಳು. ಅಜ್ಜಿ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದು. ಸರಿಯಾದ ಉತ್ತರ! ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

"ಅದು ತಮಿಳು" ಎಂದರು ರಾಯರು. "ಕನ್ನಡ ಪುಸ್ತಕ ರೀ ಇದು. ಕನ್ನಡದಲ್ಲಿ ಹೇಳಲಿ."

"ಅರ್ಥ ಆಗಿದೆಯಲ್ಲ ರಾಯರೇ!"

"ಆಗಿರಬಹುದು. ನಾನು ಒಪ್ಪಲ್ಲ."

ನನಗೆ ಅಳುವೇ ಬಂತು. ವರ್ಷದ ದುಡಿಮೆ ಒಂದು ಉತ್ತರದಲ್ಲಿ ಮಣ್ಣುಪಾಲಾಗುತ್ತಿತ್ತು. ನೀರಜಾ ಕೂರಲಿಲ್ಲ. ಅವಳು ನನ್ನನ್ನು ನೋಡಿದಳು, ರಾಯರನ್ನು ನೋಡಿದಳು, ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಸರ್... ನೀವು ಕಥೆ ಬೇಡ, ಬೇಡ ಅಂತ ಎಷ್ಟೋ ಸಲ ಹೇಳಿದ್ರಿ. ನಮ್ಮ ಮಿಸ್‌ಗೆ ಚೆನ್ನಾಗಿ ಕೇಳಿಸ್ತು" ಎಂದು ಒಂದೊಂದೇ ಮಾತು ಹುಡುಕುತ್ತ ಹೇಳಿದಳು. "ಆದ್ರೆ ಮಿಸ್ ನಿಮ್ಮ ಮಾತಿಗೆ ಸೊಪ್ಪು ಹಾಕಲಿಲ್ಲ."

ಮೊದಲು ನಕ್ಕವರು ರಾಯರೇ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಕ್ಕಳು ಬೆಂಚು ಬಡಿದು ಕೂಗಿದರು. ನಾನಂತೂ ನಗುತ್ತಲೇ ಅತ್ತೆ.

"ಅರ್ಥ ಹೇಳು ಅಂದ್ರೆ ಬಳಸಿಯೇ ತೋರಿಸಿಬಿಟ್ಯಲ್ಲ ಪುಟ್ಟಿ" ಎಂದರು ರಾಯರು. "ನನ್ನ ಪಟ್ಟಿ ಓದಿ ಯಾವ ಮಗುವೂ ಹೀಗೆ ಮಾತಾಡ್ತಿರಲಿಲ್ಲ. ರಮಾಬಾಯಿ, ನಾಳೆಯೇ ಹಸ್ತಪ್ರತಿ ಪ್ರೆಸ್ಸಿಗೆ ಕಳಿಸಿ."

ನಾನು ಹೋಗಿ ನೀರಜಾಳನ್ನು ತಬ್ಬಿಕೊಂಡೆ.

"ಮಿಸ್," ಎಂದಳು ಕಿವಿಯ ಹತ್ತಿರ, ಕನ್ನಡದಲ್ಲೇ, "ಪುಸ್ತಕದಲ್ಲಿ ಜಾಗ ಇದ್ರೆ ಒಂದು ಕಥೆ ನಾನು ಬರೀಲಾ?"